ಬರಲ್ಲ ಅನ್ನಿ, ಮುಯ್ಯಿ ಕಳಿಸಿ

ಮಂಗಳವಾರ ಬೆಳಿಗ್ಗೆ ಹತ್ತೂವರೆ. ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು, ಕಂಪ್ಯೂಟರಿನ ಮೂಲೆಯಲ್ಲಿ ಒಂದು ಚೀಟಿ ಮೇಲೆದ್ದು ಬಂತು. ‘ವೆಂಡರ್ ಬಿಲ್: ಕ್ವಿಕ್ ಸಿಂಕ್. ಗುರುವಾರ, ಸಂಜೆ 4ರಿಂದ 5.’ ಕರೆದವರು ಖರೀದಿ ವಿಭಾಗದ ಮೇಡಂ. ಕರೆಸಿಕೊಂಡವರು ನನ್ನನ್ನೂ ಸೇರಿಸಿ ಹದಿನಾಲ್ಕು ಮಂದಿ. ಏನು ಮಾತಾಡುವುದು ಅಂತ ಬರೆಯಬೇಕಾದ ಜಾಗ ಮದುವೆ ಮುಗಿದ ಮಾರನೇ ದಿನದ ಚಪ್ಪರದ ಹಾಗೆ ಬಣಬಣ. ಕ್ವಿಕ್ ಅಂತ ಹೆಸರಿಟ್ಟು ಇಡೀ ಒಂದು ಗಂಟೆ ಕಾದಿರಿಸುವುದಕ್ಕೂ ಒಂದು ಧೈರ್ಯ ಬೇಕು. ನಮ್ಮೂರಲ್ಲಿ ಆರಡಿ ಎತ್ತರದ ಆಳಿಗೆ ‘ಪುಟ್ಟಣ್ಣ’ ಅನ್ನುತ್ತಾರಲ್ಲ, ಆ ಥರ.

ನಾನು ಲೆಕ್ಕಪತ್ರ ವಿಭಾಗದವನು, ಬೇಡ ಅಂದರೂ ಲೆಕ್ಕ ತಾನಾಗೇ ಬಂದುಬಿಡುತ್ತದೆ. ಹದಿನಾಲ್ಕು ಜನ ತಲಾ ಒಂದು ಗಂಟೆ ಅಂದರೆ ಹದಿನಾಲ್ಕು ಗಂಟೆ. ಒಬ್ಬ ಮನುಷ್ಯನ ಹತ್ತಿರ ಹತ್ತಿರ ಎರಡು ದಿನದ ಕೆಲಸ. ಸಾವಿರ ರೂಪಾಯಿ ಖರ್ಚಿಗೆ ಮೂರು ಸಹಿ ಕೇಳುವ ನಮ್ಮ ಆಫೀಸು ಈ ಎರಡು ದಿನವನ್ನು ಒಂದೇ ಕ್ಲಿಕ್ಕಿಗೆ ಕೊಟ್ಟುಬಿಡುತ್ತದೆ, ಯಾರ ಸಹಿಯೂ ಬೇಕಿಲ್ಲ.

ಹೋಗಬಾರದು ಅಂತ ಆ ಕ್ಷಣವೇ ತೀರ್ಮಾನವಾಯಿತು. ತಿಂಗಳ ಕೊನೆ, ಮೈತುಂಬ ಕೆಲಸ. ಆದರೆ ಹೋಗದಿರುವುದು ಬೇರೆ, ಬರುವುದಿಲ್ಲ ಅಂತ ಹೇಳುವುದು ಬೇರೆ. ಎರಡನೆಯದು ನಮ್ಮ ಜಾಯಮಾನದಲ್ಲೇ ಇಲ್ಲ. ಆಮಂತ್ರಣ ಪತ್ರಿಕೆ ಹಿಡಿದು ಮನೆ ಬಾಗಿಲಿಗೆ ಬಂದವರಿಗೆ ‘ಇಲ್ಲ, ನಾವು ಬರಲ್ಲ’ ಅಂದ ಕನ್ನಡಿಗನನ್ನು ಯಾರಾದರೂ ಕಂಡಿದ್ದೀರಾ? ‘ಅಯ್ಯೋ, ಬರದೇ ಇರ್ತೀವಾ!’ ಅನ್ನುತ್ತೇವೆ. ತೀರಾ ಸತ್ಯವಂತನಾದರೆ ‘ನೋಡೋಣ’. ನನಗಂತೂ ಅನುಮಾನ, ಔಟ್‌ಲುಕ್‌ನಲ್ಲಿ ಅಕ್ಸೆಪ್ಟ್‌ಗೂ ಡಿಕ್ಲೈನ್‌ಗೂ ನಡುವೆ ಟೆಂಟೆಟಿವ್ ಅನ್ನುವ ಗುಂಡಿ ಇಟ್ಟವನ ಅಜ್ಜಿಮನೆ ಹಾಸನವೋ ಮಂಡ್ಯವೋ ಇರಬೇಕು. ಅದು ‘ನೋಡೋಣ’ದ ನೇರ ಗುಂಡಿ. ಒತ್ತಿದವನಿಗೆ ಪರಮ ಶಾಂತಿ. ಕರೆದವರಿಗೆ ಮಾತ್ರ ಎಲೆ ಹಾಕಬೇಕೋ ಬೇಡವೋ ಅನ್ನುವ ಪೇಚಾಟ.

ಬರುವುದಿಲ್ಲ ಅನ್ನುವುದರಲ್ಲಿ ನಾನು ಎಲ್ಲ ಬಗೆಯ ತಪ್ಪುಗಳನ್ನೂ ಮಾಡಿ ಮುಗಿಸಿದವನು. ಹಳೆಯ ಕೆಲಸದಲ್ಲಿದ್ದಾಗ ಒಮ್ಮೆ ಡಿಕ್ಲೈನ್ ಒತ್ತಿದೆ. ಉತ್ತರ ಕಳಿಸಲೋ, ಏನಾದರೂ ಬರೆದು ಕಳಿಸುತ್ತೀಯೋ, ಕಳಿಸುವುದೇ ಬೇಡವೋ ಅಂತ ಅದು ಕೇಳಿತು. ಸಂಕೋಚದಿಂದ ಮೂರನೆಯದನ್ನು ಆರಿಸಿಕೊಂಡೆ. ನನ್ನ ಕ್ಯಾಲೆಂಡರಿನಿಂದ ಮೀಟಿಂಗ್ ಮಾಯವಾಯಿತು, ಮನಸ್ಸು ಹಗುರಾಯಿತು. ಕರೆದವರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರಿನ ಮುಂದೆ ಏನೂ ಇಲ್ಲ, ಹೂಂ ಇಲ್ಲ, ಉಹೂಂ ಇಲ್ಲ. ಪಾಪ, ‘ಇನ್ನೇನು ಬಂದುಬಿಡ್ತಾರೆ’ ಅಂತ ಒಂಬತ್ತು ಜನ ಹದಿನೈದು ನಿಮಿಷ ಕಾದರಂತೆ. ಆ ಹೊತ್ತಿಗೆ ನಾನು ಕೆಳಗೆ ಕ್ಯಾಂಟೀನಿನಲ್ಲಿ ಮಸಾಲೆ ಪುರಿ ತಿನ್ನುತ್ತಿದ್ದೆ ಅನ್ನುವುದು ಆಮೇಲೆ ಗೊತ್ತಾಗಿ, ಎರಡು ತಿಂಗಳು ನನ್ನ ಕಡತಗಳೆಲ್ಲ ಆ ವಿಭಾಗದಲ್ಲಿ ಹಾಗೇ ಮಲಗಿದವು.

ಇನ್ನೊಮ್ಮೆ ಜಾಣನಾದೆ. ಪ್ರತಿನಿಧಿಯನ್ನು ಕಳಿಸೋಣ ಅಂತ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗನೊಬ್ಬನಿಗೆ ಆಮಂತ್ರಣವನ್ನು ಫಾರ್ವರ್ಡ್ ಮಾಡಿದೆ. ಮೇಲೆ ಒಂದೇ ಸಾಲು: ‘ನೀನು ನೋಡ್ಕೋ.’ ಹುಡುಗ ಖುಷಿಯಾಗಿ ಹೊಸ ನೋಟ್‌ಬುಕ್ಕು, ಎರಡು ಪೆನ್ನು ಹಿಡಿದು ಹೋದ. ಅಲ್ಲಿ ಅವನನ್ನು ಏಳು ಪ್ರಶ್ನೆ ಕೇಳಿದರು. ಏಳಕ್ಕೂ ಒಂದೇ ಉತ್ತರ, ‘ಸರ್‌ನ ಕೇಳಿ ಹೇಳ್ತೀನಿ.’ ಫಲಿತಾಂಶ ಏನು ಅಂತೀರಿ? ಆ ಏಳು ಪ್ರಶ್ನೆಗಳಿಗೋಸ್ಕರವೇ ಮರುದಿನ ಇನ್ನೊಂದು ಮೀಟಿಂಗ್, ಒಂದೂವರೆ ಗಂಟೆಯದು. ಬರಲೇಬೇಕಾದವರ ಪಟ್ಟಿಯಲ್ಲಿ ಮೊದಲನೇ ಹೆಸರು ನನ್ನದು.

ಬರಲ್ಲ ಅನ್ನುವ ವಿದ್ಯೆಯನ್ನು ನಾನು ಕಂಪನಿಯ ತರಬೇತಿಯಲ್ಲಿ ಕಲಿಯಲಿಲ್ಲ. ಅಪ್ಪನನ್ನು ನೋಡಿ ಕಲಿಯಬೇಕಿತ್ತು, ತಡವಾಗಿ ಹೊಳೆಯಿತು. ತುಮಕೂರು ಕಡೆಯ ನಮ್ಮ ಮನೆಯ ನಡುಮನೆಯಲ್ಲಿ ತಂತಿಯ ಕೊಕ್ಕೆಯೊಂದು ನೇತಾಡುತ್ತಿತ್ತು. ಬಂದ ಕಾಗದ, ಕರೆಂಟ್ ಬಿಲ್ಲು, ಲಗ್ನಪತ್ರಿಕೆ ಎಲ್ಲವನ್ನೂ ಅದಕ್ಕೆ ಚುಚ್ಚುವುದು. ವೈಶಾಖ ಬಂತೆಂದರೆ ಅರಿಸಿನ ಹಚ್ಚಿದ ಮೂಲೆಗಳೇ ತುಂಬಿ ತಂತಿ ಜಗ್ಗುತ್ತಿತ್ತು. ಒಂದೇ ಭಾನುವಾರ ಮೂರು ಮದುವೆ, ಒಂದು ಗೃಹಪ್ರವೇಶ. ಅಪ್ಪ ಒಬ್ಬರೇ. ಶನಿವಾರ ರಾತ್ರಿ ಊಟವಾದ ಮೇಲೆ ತಂತಿ ಇಳಿಸಿಕೊಂಡು ಕೂರುತ್ತಿದ್ದರು. ‘ಇದು ಸೋದರಮಾವನ ಕಡೇದು, ನಾನೇ ಹೋಗಬೇಕು. ಇದಕ್ಕೆ ನಿಮ್ಮಮ್ಮ ಹೋಗಲಿ. ಇದು ಶಿವಮೊಗ್ಗ, ಆಗೋದಿಲ್ಲ, ಮನಿಯಾರ್ಡರ್ ಮಾಡೋಣ. ಗೃಹಪ್ರವೇಶಕ್ಕೆ ನೀನು ಹೋಗಿ ಮುಯ್ಯಿ ಓದಿಸಿ ಬಾ.’

ಹನ್ನೆರಡು ವರ್ಷದ ನನ್ನನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. 51 ರೂಪಾಯಿಯ ಕವರು, ಮೇಲೆ ಅಪ್ಪನ ಹೆಸರು, ನನ್ನದಲ್ಲ. ಮೊದಲು ಯಾರ ಮುಂದೆ ನಿಲ್ಲಬೇಕು ಅಂತ ಹೇಳುತ್ತಿದ್ದರು. ಅಪ್ಪ ಯಾಕೆ ಬರಲಿಲ್ಲ ಅಂತ ಕೇಳಿದರೆ ಹೇಳಬೇಕಾದ ಒಂದೇ ವಾಕ್ಯ, ಅದನ್ನೂ ಎರಡು ಸಲ ಒಪ್ಪಿಸಿಕೊಳ್ಳುತ್ತಿದ್ದರು. ಜಮೀನಿನ ಮಾತು ತೆಗೆದರೆ ‘ಅಪ್ಪನ ಹತ್ರಾನೇ ಮಾತಾಡಿ’ ಅನ್ನು, ಅದಕ್ಕಿಂತ ಹೆಚ್ಚು ಬಾಯಿ ಬಿಡಬೇಡ. ಊಟ ಮಾಡಿಕೊಂಡೇ ಬಾ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅಲ್ಲಿ ಮುಯ್ಯಿ ಪುಸ್ತಕದಲ್ಲಿ ಅಪ್ಪನ ಹೆಸರು, ಮೊತ್ತ ಬರೆದುಕೊಂಡ ಮೇಲೆ ಅಪ್ಪ ಬಂದ ಹಾಗೇ ಲೆಕ್ಕ. ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ನಾನು ನೋಟ್‌ಬುಕ್ ಹುಡುಗನಿಗೆ ಕೊಡದೇ ಇದ್ದದ್ದು ಆ ಕವರು. ಮೀಟಿಂಗಿಗೆ ಕರೆದವರಿಗೆ ನಮ್ಮ ಮುಖ ಬೇಕಾಗಿರುವುದು ಅಪರೂಪ. ನಮ್ಮಿಂದ ಬರಬೇಕಾದ ಒಂದು ಮಾಹಿತಿ, ಒಂದು ಒಪ್ಪಿಗೆ, ಒಂದು ತಾರೀಖು ಬೇಕಾಗಿರುತ್ತದೆ. ಅದೇ ಮುಯ್ಯಿ. ಅದು ಮುಟ್ಟಿದರೆ ನೀವು ಹೋಗದಿದ್ದರೂ ನಡೆಯುತ್ತದೆ. ಮುಟ್ಟದಿದ್ದರೆ ಎಷ್ಟು ವಿನಯವಾಗಿ ‘ಕ್ಷಮಿಸಿ’ ಅಂತ ಬರೆದರೂ ಅದು ತಪ್ಪಿಸಿಕೊಂಡದ್ದೇ. ಹಿಂದೆ ಶುಭಾಶಯದ ತಂತಿ ಕಳಿಸುವಾಗ ಸಿದ್ಧವಾಕ್ಯಗಳ ಪಟ್ಟಿ ಇರುತ್ತಿತ್ತು. ಅಂಚೆ ಕಚೇರಿಯಲ್ಲಿ ನಂಬರು ಬರೆದುಕೊಟ್ಟರೆ ಆ ತುದಿಯಲ್ಲಿ ಇಡೀ ವಾಕ್ಯ ತಲುಪುತ್ತಿತ್ತು. ತಂತಿ ಸೇವೆ 2013ರಲ್ಲಿ ನಿಂತುಹೋಯಿತು, ನಂಬರಿನ ವಾಕ್ಯಗಳು ನಿಲ್ಲಲಿಲ್ಲ. ‘ಪೂರ್ವನಿಗದಿತ ಕೆಲಸದ ನಿಮಿತ್ತ ಭಾಗವಹಿಸಲಾಗುತ್ತಿಲ್ಲ, ವಿಷಾದವಿದೆ’ ಅನ್ನುವುದನ್ನು ಓದಿದಾಗೆಲ್ಲ ನನಗೆ ಆ ಪಟ್ಟಿ ನೆನಪಾಗುತ್ತದೆ. ನಂಬರು ಬಂತು, ಮನಿಯಾರ್ಡರ್ ಬರಲಿಲ್ಲ.

ಮತ್ತೆ ನಮ್ಮ ಗುರುವಾರದ ಕಥೆಗೆ ಬರೋಣ. ಈ ಸಲ ಯಾವ ಗುಂಡಿಯನ್ನೂ ಒತ್ತುವ ಮೊದಲು ಮೇಡಂಗೆ ಫೋನ್ ಮಾಡಿದೆ.

‘ಮೇಡಂ, ಗುರುವಾರ ನನ್ನಿಂದ ಏನು ತೀರ್ಮಾನ ಆಗಬೇಕು?’

‘ಅಯ್ಯೋ ಸರ್, ಹಾಗೇನಿಲ್ಲ, ಎಲ್ರೂ ಇದ್ರೆ ಒಳ್ಳೇದು ಅಂತ.’

‘ಇರಲಿ, ನಾನು ಇಲ್ಲದಿದ್ರೆ ಯಾವ ಮಾತು ನಿಂತುಹೋಗುತ್ತೆ?’

ಸ್ವಲ್ಪ ಹೊತ್ತು ಆ ಕಡೆಯಿಂದ ಫ್ಯಾನಿನ ಸದ್ದು. ಆಮೇಲೆ ಒಂದೊಂದಾಗಿ ಹೊರಬಂದವು. ಕ್ಯಾಬ್‌ನವರ ಬಿಲ್ಲಿನ ನಮೂನೆ ಬದಲಾಗುತ್ತದಲ್ಲ, ಅದು ಯಾವತ್ತಿನಿಂದ? ಹಳೇ ನಮೂನೆಯಲ್ಲಿ ಈಗಾಗಲೇ ಬಂದಿರುವ ಬಿಲ್ಲುಗಳ ಗತಿ ಏನು? ಒಂದಿಬ್ಬರು ಕ್ಯಾಬ್ ಮಾಲೀಕರು ಮುಂಗಡ ಕೇಳುತ್ತಿದ್ದಾರೆ, ಕೊಡುತ್ತೀರಾ? ಹದಿನಾಲ್ಕು ಗಂಟೆಯ ಮೀಟಿಂಗಿನಲ್ಲಿ ನನ್ನ ಪಾಲು ಈ ಮೂರು ಪ್ರಶ್ನೆ. ಎರಡಕ್ಕೆ ಉತ್ತರ ನನ್ನ ಮೇಜಿನ ಮೇಲೇ ಇತ್ತು. ಮೂರನೆಯದಕ್ಕೆ ಉತ್ತರ ದೇವರಾಣೆ ಯಾರ ಹತ್ತಿರವೂ ಇರಲಿಲ್ಲ.

ಈ ಫೋನು ಮಾಡುವುದನ್ನು ಜನ ತಪ್ಪಿಸುತ್ತಾರೆ, ನೇರವಾಗಿ ‘ಇಮೇಲ್ ಮಾಡಬಹುದಿತ್ತಲ್ಲ’ ಅಂತ ಬರೆಯುತ್ತಾರೆ. ಆ ಮಾತು ನಿಜವೇ ಇರಬಹುದು, ಆದರೆ ಕರೆದವರ ಕಿವಿಗೆ ‘ನಿಮಗೆ ಬುದ್ಧಿ ಇಲ್ಲ’ ಅಂತಲೇ ಕೇಳಿಸುತ್ತದೆ. ಊಟಕ್ಕೆ ಕರೆದವರಿಗೆ ‘ಪಾರ್ಸೆಲ್ ಕಳಿಸಬಹುದಿತ್ತಲ್ಲ’ ಅಂದ ಹಾಗೆ. ಇಮೇಲ್ ಸಾಕು ಅಂತ ವಾದ ಮಾಡಬೇಡಿ, ಇಮೇಲನ್ನೇ ಕಳಿಸಿಬಿಡಿ. ಉತ್ತರವೇ ಕೈಗೆ ಬಂದ ಮೇಲೆ ವಾದ ಯಾರು ಮಾಡುತ್ತಾರೆ?

ಪ್ರತಿನಿಧಿಯನ್ನೂ ಈ ಸಲ ಕೇಳಿಯೇ ಆರಿಸಿದೆ. ಕ್ಯಾಬ್ ಬಿಲ್ಲುಗಳನ್ನು ದಿನಾ ಕೈಯಲ್ಲಿ ಹಿಡಿಯುವ ಸಹೋದ್ಯೋಗಿ ಒಬ್ಬರಿದ್ದಾರೆ, ನನಗಿಂತ ಚಿಕ್ಕವರು, ವಿಷಯ ನನಗಿಂತ ಚೆನ್ನಾಗಿ ಗೊತ್ತು. ಅವರ ಮೇಜಿಗೆ ಹೋಗಿ, ‘ಗುರುವಾರ ನಾಲ್ಕಕ್ಕೆ ಬಿಡುವಿದೆಯೇನಮ್ಮ?’ ಅಂದೆ. ‘ಯಾಕೆ ಸರ್, ನಿಮಗೆ ಬೇಡವಾದ ಮೀಟಿಂಗಾ?’ ಅಂದರು. ಈಗಿನವರಿಗೆ ಬೆನ್ನಲ್ಲೂ ಕಣ್ಣಿರುತ್ತದೆ. ಹೌದು ಅಂತ ಒಪ್ಪಿಕೊಂಡೆ. ಒಪ್ಪಿಕೊಂಡದ್ದರಿಂದಲೇ ಅವರು ಹೊರಟರು ಅಂತ ನನ್ನ ನಂಬಿಕೆ.

ಅವರ ಜೊತೆ ಹತ್ತು ನಿಮಿಷ ಕೂತೆ. ಏನು ಹೇಳಬಹುದು, ಎಷ್ಟರವರೆಗೆ ಬಿಟ್ಟುಕೊಡಬಹುದು, ಎಲ್ಲಿ ನಿಲ್ಲಬೇಕು. ತಾರೀಖು ಒಂದು ವಾರ ಹಿಂದೆಮುಂದೆ ಆಗಬೇಕಾದರೆ ಅವರೇ ಒಪ್ಪಬಹುದು, ನನ್ನನ್ನು ಕೇಳಬೇಕಿಲ್ಲ. ಮುಂಗಡದ ಮಾತಿಗೆ ಹೂಂ ಅನ್ನುವ ಹಾಗಿಲ್ಲ. ಇದು 51 ರೂಪಾಯಿಯ ಕವರು ಮತ್ತು ಜಮೀನಿನ ಮಾತು, ಬೇರೇನಲ್ಲ. ಕವರಿನಲ್ಲಿ ಎಷ್ಟಿದೆ ಅಂತ ಪ್ರತಿನಿಧಿಗೊಬ್ಬರಿಗೇ ಗೊತ್ತಿದ್ದರೆ ಸಾಲದು. ಮೀಟಿಂಗಿನವರಿಗೂ ಮುಂಚೆಯೇ ಗೊತ್ತಿರಬೇಕು. ಇಲ್ಲದಿದ್ದರೆ ಪ್ರತಿನಿಧಿ ಒಪ್ಪಿದ್ದನ್ನೂ ‘ಯಾವುದಕ್ಕೂ ಸರ್‌ನ ಒಂದು ಮಾತು ಕೇಳೋಣ’ ಅಂತ ತಳ್ಳಿಬಿಡುತ್ತಾರೆ.

ಆಮೇಲೆ ಬರೆದ ಉತ್ತರ ಇದು. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ನಮ್ಮ ಮಾತಿನಲ್ಲಿ ಕೊಡುತ್ತಿದ್ದೇನೆ.

‘ಮೇಡಂ, ಗುರುವಾರ ತಿಂಗಳ ಲೆಕ್ಕ ಮುಗಿಸಬೇಕಿರುವುದರಿಂದ ನಾನು ಬರುವುದಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಹೊಸ ನಮೂನೆ ಏಪ್ರಿಲ್ 1ರಿಂದ. ಮಾರ್ಚ್ 31ರವರೆಗಿನ ತಾರೀಖಿನ ಬಿಲ್ಲುಗಳನ್ನು ಹಳೇ ನಮೂನೆಯಲ್ಲೇ ಏಪ್ರಿಲ್ 15ರ ತನಕ ತೆಗೆದುಕೊಳ್ಳುತ್ತೇವೆ. ನನ್ನ ಬದಲು ನಮ್ಮ ವಿಭಾಗದಿಂದ ಇವರು ಬರುತ್ತಾರೆ. ಈ ತಾರೀಖುಗಳನ್ನು ಒಂದು ವಾರದ ಮಟ್ಟಿಗೆ ಬದಲಿಸುವ ಅಧಿಕಾರ ಅವರಿಗಿದೆ, ಅವರು ಹೇಳಿದ್ದೇ ನನ್ನ ಮಾತು. ಮುಂಗಡದ ವಿಷಯ ಮಾತ್ರ ನನಗೇ ಬಿಡಿ. ಯಾರು, ಎಷ್ಟು ಕೇಳುತ್ತಿದ್ದಾರೆ ಅಂತ ಬರೆದು ಕಳಿಸಿ, ಸೋಮವಾರದೊಳಗೆ ಹೇಳುತ್ತೇನೆ.’

ಕಾರಣಕ್ಕೆ ಅರ್ಧ ವಾಕ್ಯ ಸಾಕು ನೋಡಿ. ಹೆಂಡತಿಗೆ ಜ್ವರ, ಮಗುವಿಗೆ ಲಸಿಕೆ, ಮನೆಗೆ ಪ್ಲಂಬರ್ ಅಂತ ಕಾರಣ ಉದ್ದವಾದಷ್ಟೂ ಕೇಳುವವರಿಗೆ ಅದು ಕಟ್ಟಿದ್ದು ಅಂತ ಗೊತ್ತಾಗುತ್ತದೆ. ಇನ್ನು ‘ಬರುವುದು ಕಷ್ಟವಾಗಬಹುದೇನೋ’ ಅಂತ ಬರೆದರೆ ಕರೆದವರು ನಿಮ್ಮ ಕಷ್ಟ ಪರಿಹರಿಸಲು ಹೊರಡುತ್ತಾರೆ. ‘ಹಾಗಾದ್ರೆ ಐದೂವರೆಗೆ ಇಟ್ಕೊಳ್ಳೋಣ್ವಾ ಸರ್?’ ಮುಗೀತು ಕಥೆ.

ಗುಂಡಿಗಳದೂ ಒಂದು ಕ್ರಮ ಇದೆ. ಮೊದಲು ಪ್ರತಿನಿಧಿಗೆ ಫಾರ್ವರ್ಡ್ ಮಾಡಬೇಕು, ಆಮೇಲೆ ಡಿಕ್ಲೈನ್. ತಿರುಗಾಮುರುಗಾ ಮಾಡಿದರೆ ಆಮಂತ್ರಣ ಕ್ಯಾಲೆಂಡರಿನಿಂದ ಹಾರಿ ಅಳಿಸಿದ ಕಾಗದಗಳ ಬುಟ್ಟಿಗೆ ಬೀಳುತ್ತದೆ, ಆಮೇಲೆ ಅಲ್ಲಿ ಕೈಯಾಡಿಸುತ್ತ ಕೂರಬೇಕು. ಇನ್ನೊಂದು: ನೀವು ಫಾರ್ವರ್ಡ್ ಮಾಡಿದ್ದೇ ತಡ, ಔಟ್‌ಲುಕ್ಕು ಕರೆದವರಿಗೆ ‘ಇವರು ನಿಮ್ಮ ಆಮಂತ್ರಣವನ್ನು ಇಂಥವರಿಗೆ ದಾಟಿಸಿದ್ದಾರೆ’ ಅಂತ ಚಾಡಿ ಹೇಳುತ್ತದೆ. ನಿಮ್ಮ ಕಾಗದ ತಲುಪುವ ಮುಂಚೆ ಈ ಚಾಡಿ ತಲುಪಿದರೆ ಒಳ್ಳೆಯ ಕೆಲಸವೂ ಕೈತೊಳೆದುಕೊಂಡ ಹಾಗೆ ಕಾಣುತ್ತದೆ. ಅದಕ್ಕೇ ಫೋನು ಮುಂದಿರಲಿ ಅಂದದ್ದು. ವಾರವಾರ ಬರುವ ಮೀಟಿಂಗಾದರೆ ಈ ಒಂದು ವಾರಕ್ಕೆ ಬರಲ್ಲವೋ, ಜನ್ಮಕ್ಕೆ ಬರಲ್ಲವೋ ಅಂತ ನೋಡಿಕೊಂಡು ಒತ್ತಿ. ಇಡೀ ಸರಣಿಯನ್ನೇ ಡಿಕ್ಲೈನ್ ಮಾಡಿ ಮೇಲಧಿಕಾರಿಗೆ ವೈರಾಗ್ಯದ ಸಂದೇಶ ಕಳಿಸಿದವರನ್ನು ನಾನು ಬಲ್ಲೆ.

ಇದೆಲ್ಲ ಬರೀ ಆಫೀಸಿನ ಶಿಷ್ಟಾಚಾರ ಅಂದುಕೊಳ್ಳಬೇಡಿ, ಕಾನೂನಿಗೂ ಈ ಪೇಚಾಟ ಗೊತ್ತು. 2013ರ ಕಂಪನಿ ಕಾಯ್ದೆಯ 105ನೇ ಕಲಮು ಷೇರುದಾರರ ಸಭೆಗೆ ಬದಲಿ ಆಳನ್ನು, ಅಂದರೆ ಪ್ರಾಕ್ಸಿಯನ್ನು ಕಳಿಸಲು ಬಿಡುತ್ತದೆ. ಆದರೆ ಆ ಬದಲಿ ಆಳು ಸಭೆಯಲ್ಲಿ ಮಾತಾಡುವಂತಿಲ್ಲ! ಚೀಟಿಯ ಮತದಾನ ನಡೆದರೆ ಮತ ಹಾಕಬಹುದು, ಅಷ್ಟೇ. ನನ್ನ ನೋಟ್‌ಬುಕ್ ಹುಡುಗ ಅಲ್ಲಿಗಾದರೆ ಸರಿಹೋಗುತ್ತಿದ್ದ. ಕಂಪನಿಯ ನಿರ್ದೇಶಕರಿಗೆ ಈ ಸೌಲಭ್ಯವೂ ಇಲ್ಲ, ಅವರು ಬೋರ್ಡ್ ಮೀಟಿಂಗಿಗೆ ತಾವೇ ಬರಬೇಕು. ಹನ್ನೆರಡು ತಿಂಗಳ ಎಲ್ಲ ಮೀಟಿಂಗುಗಳಿಗೂ ಗೈರಾದರೆ, ರಜೆ ಕೇಳಿಯೇ ಗೈರಾಗಿದ್ದರೂ, ಸ್ಥಾನವೇ ಹೋಗುತ್ತದೆ. ಹಾಗಂತ ಇಮೇಲಿನ ದಾರಿ ಮುಚ್ಚಿಲ್ಲ. 175ನೇ ಕಲಮಿನ ಪ್ರಕಾರ ನಿರ್ಣಯದ ಕರಡನ್ನು ಎಲ್ಲ ನಿರ್ದೇಶಕರಿಗೂ ಕಳಿಸಿ, ಸೇರದೆಯೇ ಒಪ್ಪಿಗೆ ಪಡೆಯಬಹುದು. ನನಗೆ ಇಷ್ಟವಾದದ್ದು ಅಲ್ಲಿಟ್ಟ ಕಡಿವಾಣ: ನಿರ್ದೇಶಕರಲ್ಲಿ ಮೂರನೇ ಒಂದು ಭಾಗದಷ್ಟು ಜನ ‘ಇದನ್ನು ಕೂತೇ ಮಾತಾಡಬೇಕು’ ಅಂದರೆ, ಕೂತೇ ಮಾತಾಡಬೇಕು. ಸಾಲ ಎತ್ತುವುದು, ವರ್ಷದ ಲೆಕ್ಕಪತ್ರ ಒಪ್ಪುವುದು ಇಂಥವಕ್ಕಂತೂ ಕಾಗದದ ದಾರಿಯೇ ಇಲ್ಲ, ಮೀಟಿಂಗಿನಲ್ಲೇ ಆಗಬೇಕು.

ಆಫೀಸಿನಲ್ಲೂ ಸೋದರಮಾವನ ಕಡೆಯ ಮದುವೆಗಳು ಇರುತ್ತವೆ. ನಿಮ್ಮ ಕೈಯಿಂದಲೇ ಆದ ಎಡವಟ್ಟಿನ ಬಗ್ಗೆ ಮೀಟಿಂಗ್ ಕರೆದಿದ್ದರೆ ಪ್ರತಿನಿಧಿಯನ್ನು ಕಳಿಸುವುದು ಮನುಷ್ಯರು ಮಾಡುವ ಕೆಲಸವಲ್ಲ. ಇಬ್ಬರ ನಡುವೆ ಮನಸ್ತಾಪ ಇರುವ ಜಾಗಕ್ಕೆ ಇಮೇಲ್ ಕಳಿಸಿದರೆ ಅದು ಬೆಂಕಿಗೆ ಬಿದ್ದ ತುಪ್ಪ, ಜೊತೆಗೆ ಪ್ರಿಂಟ್ ತೆಗೆದು ಇಟ್ಟುಕೊಳ್ಳಬಹುದಾದ ತುಪ್ಪ. ಚೌಕಾಸಿಯ ಮಾತೂ ಅಷ್ಟೆ, ಎದುರಿಗಿದ್ದವನ ಮುಖ ನೋಡದೆ ಎಲ್ಲಿಗೆ ನಿಲ್ಲಬೇಕು ಅಂತ ತಿಳಿಯುವುದಿಲ್ಲ. ಇಮೇಲ್ ಸೋಲುತ್ತಿದೆ ಅಂತ ಕಂಡುಹಿಡಿಯಲು ನನ್ನದೊಂದು ನಾಟಿ ಅಳತೆ ಇದೆ. ಒಂದೇ ವಿಷಯಕ್ಕೆ ಮೂರನೇ ‘ರಿಪ್ಲೈ ಆಲ್’ ಬಂದು, ಅದರಲ್ಲಿ ಯಾರಾದರೂ ‘ನಾನು ಮೊದಲೇ ಹೇಳಿದ ಹಾಗೆ’ ಅಂತ ಶುರುಮಾಡಿದರೆ, ಕೀಬೋರ್ಡ್ ಬಿಟ್ಟು ಎದ್ದು ಅವರ ಮೇಜಿಗೆ ಹೋಗಬೇಕು.

ಅದಿರಲಿ. ಬುಧವಾರ ಮಧ್ಯಾಹ್ನದೊಳಗೆ ನನ್ನ ಉತ್ತರ ನೋಡಿ ಇನ್ನೂ ನಾಲ್ವರು ತಮ್ಮ ತಮ್ಮ ಉತ್ತರ ಬರೆದು ಕಳಿಸಿ ಜಾರಿಕೊಂಡರು. ದಾರಿ ತೋರಿಸಿದ ಪಾಪ ನನ್ನದು. ಮೇಡಂ ಮೀಟಿಂಗ್ ರದ್ದು ಮಾಡುತ್ತಾರೆ ಅಂದುಕೊಂಡೆ, ಮಾಡಲಿಲ್ಲ. ಗುರುವಾರ ಸಂಜೆ ಪ್ರತಿನಿಧಿಗಾಗಿ ಕಾಯುತ್ತಿದ್ದೆ. ಐದಕ್ಕೆ ಬಂದರು, ಕೈಯಲ್ಲಿ ಸಮೋಸದ ಪೊಟ್ಟಣ.

‘ಏನಾಯ್ತಮ್ಮ?’

‘ಎಲ್ಲಾ ಒಪ್ಪಿದ್ರು ಸರ್. ಹಳೇ ಬಿಲ್ಲಿಗೆ ಮೂರು ದಿನ ಜಾಸ್ತಿ ಕೇಳಿದ್ರು, 18ರ ತನಕ ಅಂದೆ. ಮುಂಗಡದ್ದು ಬರೆದು ಕಳಿಸ್ತಾರಂತೆ. ಇಪ್ಪತ್ತೆರಡು ನಿಮಿಷಕ್ಕೆ ಮುಗೀತು.’

‘ಮತ್ತೆ ಈಗ ಐದು ಗಂಟೆ?’

‘ರೂಮು ಐದರವರೆಗೆ ಬುಕ್ ಆಗಿದೆಯಲ್ಲ ಅಂತ ಎಲ್ರೂ ಅಲ್ಲೇ ಕೂತಿದ್ವಿ ಸರ್.’